ನೆರಿಗೆಯ ಮೇಲೆ ಚೌಕಳಿ: ಇಳಕಲ್ ಸೀರೆಯ ಸ್ಕೆಚ್‌ಗೆ ಟಿಪ್ಪಣಿ

ನಿಜವಾದ ಮನುಷ್ಯರ ಎತ್ತರ ಅವರ ತಲೆಯ ಉದ್ದದ ಸುಮಾರು ಏಳೂವರೆ ಪಟ್ಟು, ಅಂದರೆ ಏಳೂವರೆ ತಲೆ. ಫ್ಯಾಷನ್ ಚಿತ್ರದಲ್ಲಿ ಅದನ್ನು ಒಂಬತ್ತು ತಲೆಗೆ ಏರಿಸುತ್ತಾರೆ. ಎ4 ಹಾಳೆಯಲ್ಲಿ ತಲೆಗೆ 3 ಸೆಂ.ಮೀ. ಇಟ್ಟುಕೊಂಡರೆ ಆಕೃತಿ 27 ಸೆಂ.ಮೀ. ಆಗಿ ಸರಿಯಾಗಿ ಕೂರುತ್ತದೆ. ಮೇಲಿನಿಂದ ತಲೆಗೊಂದರಂತೆ ಅಡ್ಡ ಗೆರೆ ಎಳೆದರೆ ಮೊದಲ ಗೆರೆಗೆ ಗದ್ದ, ಮೂರನೆಯದಕ್ಕೆ ಸೊಂಟ, ಆರರ ಆಸುಪಾಸಿಗೆ ಮಂಡಿ, ಒಂಬತ್ತಕ್ಕೆ ಪಾದ. ಹೆಚ್ಚಿಸಿದ ಉದ್ದವೆಲ್ಲ ಬಹುಪಾಲು ಕಾಲಿಗೆ ಹೋಗಬೇಕು. ಮುಂಡವನ್ನೂ ಎಳೆದರೆ ಆಕೃತಿ ನೀಳವಾಗಿ ಕಾಣುವುದಿಲ್ಲ, ಸೊಂಟ ಜಾರಿದಂತೆ ಕಾಣುತ್ತದೆ. ಕತ್ತಿನ ಕುಳಿಯಿಂದ ನೇರ ಇಳಿಸಿದ ಗೆರೆ, ಭಾರ ಹೊತ್ತ ಪಾದದ ಮೇಲೆ ಬೀಳಬೇಕು. ಬೀಳದಿದ್ದರೆ ಆಕೃತಿ ವಾಲುತ್ತದೆ. ಇಷ್ಟು ಸಾಕು, ಇದು ಅಭ್ಯಾಸದಿಂದ ಬರುತ್ತದೆ.

ಕಷ್ಟವಿರುವುದು ಬಟ್ಟೆಯಲ್ಲಿ, ಅದರಲ್ಲೂ ಚೌಕಳಿ ಇರುವ ನೆರಿಗೆಯಲ್ಲಿ. ನೆರಿಗೆಗಳನ್ನು ಗೆರೆ ಗೆರೆಯಾಗಿ ಎಳೆದು, ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ಸಮ ಅಂತರದಲ್ಲಿ ಚೌಕಗಳನ್ನು ತುಂಬಿದರೆ ಸೀರೆ ಚಪ್ಪಟೆಯಾಗಿಬಿಡುತ್ತದೆ. ಕಾರಣವಿಷ್ಟೆ: ಪ್ರತಿ ನೆರಿಗೆಯ ಹಿಂದೆ ಬಟ್ಟೆ ಅಡಗಿದೆ, ಆ ಅಡಗಿದ ಬಟ್ಟೆಯಲ್ಲೂ ಚೌಕಳಿ ಇದೆ.

ಇದನ್ನು ಕಾಗದದಲ್ಲಿ ಮಡಚಿ ನೋಡುವುದೇ ಮೇಲು. 15 ಸೆಂ.ಮೀ. ಉದ್ದದ ಪಟ್ಟಿ ತೆಗೆದುಕೊಳ್ಳಿ. ಎಡ ತುದಿಯಿಂದ ಅರ್ಧ ಸೆಂ.ಮೀ. ಬಿಟ್ಟು ಮೊದಲ ಲಂಬ ಗೆರೆ, ಆಮೇಲೆ 2 ಸೆಂ.ಮೀ.ಗೊಂದರಂತೆ ಗೆರೆ ಎಳೆಯಿರಿ. ಈಗ ಒಂದು ಸೆಂ.ಮೀ. ಮೇಲೆ ಕಾಣುವಂತೆ, ಮುಂದಿನದು ಹಿಂದಕ್ಕೆ ಹೋಗಿ, ಅದರ ಮುಂದಿನದು ಅಡಿಯಲ್ಲೇ ಮತ್ತೆ ಮುಂದಕ್ಕೆ ಬರುವಂತೆ ಮಡಚುತ್ತ ಹೋಗಿ. ಒಂದೊಂದು ನೆರಿಗೆ 3 ಸೆಂ.ಮೀ. ಬಟ್ಟೆ ನುಂಗಿ 1 ಸೆಂ.ಮೀ. ಮಾತ್ರ ತೋರಿಸುತ್ತದೆ. ಕಾಣುವ ತುಂಡುಗಳು 0ರಿಂದ 1, 3ರಿಂದ 4, 6ರಿಂದ 7, 9ರಿಂದ 10, 12ರಿಂದ 13. ಗೆರೆಗಳಿರುವುದು 0.5, 2.5, 4.5, 6.5 ಹೀಗೆ. ಆದ್ದರಿಂದ ಮೊದಲ ನೆರಿಗೆಯ ನಡುವೆ ಗೆರೆ ಕಾಣುತ್ತದೆ, ಎರಡನೆಯದು ಖಾಲಿ, ಮೂರನೆಯದರಲ್ಲಿ ಮತ್ತೆ ಗೆರೆ, ನಾಲ್ಕನೆಯದು ಖಾಲಿ. ಚೌಕ ಇದಕ್ಕಿಂತ ಚಿಕ್ಕದಾಗಿದ್ದರೆ ಎಲ್ಲ ನೆರಿಗೆಯಲ್ಲೂ ಗೆರೆ ಬರಬಹುದು, ಆದರೆ ಮಡಿಕೆಯ ಅಂಚು ದಾಟುವಲ್ಲಿ ಗೆರೆಗಳ ನಡುವಿನ ಅಂತರ ಸಾಮಾನ್ಯವಾಗಿ ತಪ್ಪುತ್ತದೆ. ಆ ತಪ್ಪಿದ ಅಂತರವೇ ಮಡಿಕೆಯನ್ನು ಕಣ್ಣಿಗೆ ತೋರಿಸುವುದು. ನೆರಳು ಹಾಕುವ ಮೊದಲೇ ನೆರಿಗೆ ಎದ್ದು ನಿಲ್ಲಬೇಕು. ನಿಲ್ಲದಿದ್ದರೆ ಗೆರೆಗಳು ಎಲ್ಲೋ ಅಂಚನ್ನು ಲೆಕ್ಕಿಸದೆ ದಾಟಿವೆ ಎಂದರ್ಥ.

ಸೀರೆಯ ನೆರಿಗೆ ಸೊಂಟದಲ್ಲಿ ಒತ್ತಾಗಿದ್ದು ಪಾದದ ಕಡೆಗೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಮೇಲೆ ಅಡಗಿದ್ದ ಲಂಬ ಗೆರೆ ಕೆಳಗೆ ಬರುತ್ತ ಮಡಿಕೆಯಡಿಯಿಂದ ಹೊರಬರಬೇಕು. ಅಡ್ಡ ಗೆರೆಗಳ ಲೆಕ್ಕ ಬೇರೆ. ಅವು ಒಂದೊಂದು ನೆರಿಗೆಯ ಮೇಲೂ ಸಣ್ಣಗೆ ಬಾಗಿ, ಅಂಚಿನಲ್ಲಿ ತುಂಡಾಗಿ, ಪಕ್ಕದ ನೆರಿಗೆಯಲ್ಲಿ ಕೊಂಚ ಮೇಲೋ ಕೆಳಗೋ ಮುಂದುವರಿಯುತ್ತವೆ. ನಾನು ಮೊದಲು ಕೆಳ ಅಂಚಿನ ಅಂಕುಡೊಂಕು ಗೆರೆ ಎಳೆದು, ಅದಕ್ಕೆ ಸಮಾನಾಂತರವಾಗಿ ದಡಿ ಬಿಡಿಸಿ, ಅದನ್ನೇ ನಕಲು ಮಾಡುತ್ತ ಅಡ್ಡ ಗೆರೆಗಳನ್ನು ಮೇಲಕ್ಕೆ ಏರಿಸುತ್ತೇನೆ. ಮೇಲೆ ಹೋದಂತೆ ಬಾಗು ಕಡಿಮೆಯಾಗಬೇಕು.

ಇಲ್ಲೊಂದು ಸೂಕ್ಷ್ಮ. ಸುಮಾರು 22 ಸೆಂ.ಮೀ. ಇರುವ ತಲೆಯನ್ನು 3 ಸೆಂ.ಮೀ.ಗೆ ಇಳಿಸಿದ್ದೇವೆ, ಅಂದರೆ ಏಳರಲ್ಲಿ ಒಂದು ಪಾಲು. 10 ಸೆಂ.ಮೀ. ದಡಿ ಚಿತ್ರದಲ್ಲಿ ಒಂದೂವರೆ ಸೆಂ.ಮೀ.ಗಿಂತ ಸ್ವಲ್ಪ ಕಡಿಮೆ. ಆದರೆ ಕಾಲುಗಳನ್ನು ನಾವು ಎಳೆದಿದ್ದೇವಲ್ಲ, ಚೌಕಳಿಯನ್ನೂ ಎಳೆಯಬೇಕೆ? ಬೇಡ. ಚೌಕ ಚೌಕವಾಗಿಯೇ ಇರಲಿ, ಅವುಗಳ ಸಂಖ್ಯೆ ಹೆಚ್ಚಲಿ. ಎಳೆದರೆ ಚೌಕಗಳು ಆಯತವಾಗಿ, ನೋಡುವವರು ಅದನ್ನು ಬೇರೆಯೇ ಬಟ್ಟೆ ಎಂದುಕೊಳ್ಳುತ್ತಾರೆ.

ಸೆರಗಿನ ಇಳಿಬೀಳುವಿಕೆಗೆ ಒಂದೇ ಪ್ರಶ್ನೆ ಕೇಳಿಕೊಂಡರಾಯಿತು: ಬಟ್ಟೆಯನ್ನು ಹಿಡಿದಿರುವುದು ಯಾವುದು? ಎಡ ಭುಜ. ಮಡಿಕೆಗಳೆಲ್ಲ ಅಲ್ಲಿ ಕೂಡಿ, ಎದೆಯ ಮೇಲೆ ಹಾದು ಬಲ ಸೊಂಟದ ಕಡೆಗೆ ಹರಡುತ್ತವೆ. ಆಕೃತಿ ನಮಗೆ ಎದುರಾಗಿದ್ದರೆ ಆ ಭುಜ ಹಾಳೆಯ ಬಲಕ್ಕಿರುತ್ತದೆ. ಇಳಕಲ್ ಸೀರೆಯ ಸಾಂಪ್ರದಾಯಿಕ ನೇಯ್ಗೆಯಲ್ಲಿ ಮೈ ಹತ್ತಿಯದು, ಸೆರಗು ರೇಷ್ಮೆಯದು. ಎರಡರ ಉದ್ದ ಎಳೆಗಳನ್ನು ಕುಣಿಕೆಯಂತೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆದ್ದರಿಂದ ಒಂದೇ ಸೀರೆಯಲ್ಲಿ ಎರಡು ಬಗೆಯ ಗೆರೆ ಬೇಕು: ಮೈಗೆ ಚಿಕ್ಕ, ಮೂಲೆಯಿರುವ ಮುರಿತಗಳು, ಸೆರಗಿಗೆ ಉದ್ದನೆಯ ನುಣುಪು ಗೆರೆ, ನಡುವೆ ಬಿಳಿ ಬಿಟ್ಟ ಹೊಳಪು.

ತೋಪು ತೆನೆ ಎಂಬ ಸಾಂಪ್ರದಾಯಿಕ ವಿನ್ಯಾಸದ ಕೆಂಪು ಬಿಳಿ ಸೆರಗು ತೋರಿಸಬೇಕಾದರೆ ಆಕೃತಿಯನ್ನು ಹಿಂದಿನಿಂದ, ಸ್ವಲ್ಪ ಓರೆಯಾಗಿ ನಿಲ್ಲಿಸಿ. ಎದುರಿನಿಂದ ಅದು ಹೆಚ್ಚು ಕಾಣುವುದಿಲ್ಲ. ಎಲ್ಲ ತೆನೆಗಳನ್ನೂ ಬಿಡಿಸಬೇಡಿ. ಬೆಳಕು ಬೀಳುವ ಕಡೆ ಅರ್ಧಕ್ಕೇ ಬಿಡಿ, ಮಡಿಕೆಯೊಳಗೆ ಹೋಗುವ ತೆನೆಯನ್ನು ಅಂಚಿನಲ್ಲೇ ಕತ್ತರಿಸಿ.