ಬಾಡಿಗೆ ಕರಾರಿನ ಅನುವಾದ: ಠೇವಣಿ, ಲಾಕ್-ಇನ್ ಅವಧಿ ಮತ್ತು ತೆರವಿನ ಷರತ್ತುಗಳು

ಇಂಗ್ಲಿಷಿನಲ್ಲಿರುವ ಬಾಡಿಗೆ ಕರಾರನ್ನು ಬಾಡಿಗೆದಾರರ ತಿಳಿವಳಿಕೆಗಾಗಿ ಕನ್ನಡಕ್ಕೆ ತರುವಾಗ, ಸಹಿ ಬೀಳುವುದು ಮೂಲ ಪ್ರತಿಯ ಮೇಲೆ ಎಂಬುದನ್ನು ನೆನಪಿನಲ್ಲಿಡಬೇಕು. ನಾಳೆ ತಕರಾರು ಬಂದರೆ ನೋಡುವುದೂ ಅದನ್ನೇ. ಆದ್ದರಿಂದ ಅನುವಾದದಲ್ಲಿ ಬಾಡಿಗೆದಾರರ ಹಕ್ಕು ಮೂಲಕ್ಕಿಂತ ಹೆಚ್ಚಾಗಿ ಕಾಣಬಾರದು, ಅವರ ಹೊಣೆ ಕಡಿಮೆಯಾಗಿಯೂ ಕಾಣಬಾರದು. ಮೂಲದ ವಾಕ್ಯಕ್ಕೆ ಎರಡು ಅರ್ಥ ಬರುವಂತಿದ್ದರೆ ಅದರಲ್ಲೊಂದನ್ನು ನಾವೇ ಆರಿಸಿ ಬರೆಯದೆ, ಎರಡನ್ನೂ ಅಡಿಟಿಪ್ಪಣಿಯಲ್ಲಿ ತೋರಿಸಿ, ಸಹಿಗೆ ಮುಂಚೆಯೇ ಮಾಲೀಕರಿಂದ ಸ್ಪಷ್ಟಪಡಿಸಿಕೊಳ್ಳುವಂತೆ ಸೂಚಿಸಬೇಕು.

ಶೀರ್ಷಿಕೆಯಲ್ಲಿಯೇ ಒಂದು ತೊಡಕಿದೆ. ದಸ್ತಾವೇಜಿನ ಮೇಲೆ ‘ಲೀಸ್’ ಎಂದಿದ್ದರೂ ಕನ್ನಡದ ಆಡುಮಾತಿನಲ್ಲಿ ಲೀಸ್ ಎಂದರೆ ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಆ ಮೊತ್ತವನ್ನು ಹಿಂದಕ್ಕೆ ಪಡೆಯುವ ಭೋಗ್ಯದ ವ್ಯವಸ್ಥೆ. ಹಾಗಾಗಿ ತಿಂಗಳ ಬಾಡಿಗೆಯಿರುವ ಕರಾರಿಗೆ ‘ಬಾಡಿಗೆ ಕರಾರು’ ಎಂದೇ ಬರೆಯುವುದು ಸರಿ.

ಇನ್ನು ಮುಂದಿನ ವಿವರಣೆಗೆ ಒಂದು ಕಲ್ಪಿತ ಕರಾರನ್ನು ಇಟ್ಟುಕೊಳ್ಳೋಣ. ಅವಧಿ ಜೂನ್ 1ರಿಂದ 11 ತಿಂಗಳು, ಠೇವಣಿ 3 ತಿಂಗಳ ಬಾಡಿಗೆಯಷ್ಟು, ಲಾಕ್-ಇನ್ 6 ತಿಂಗಳು, ನೋಟಿಸ್ 2 ತಿಂಗಳು, ಮನೆ ಬಿಡುವಾಗ ಬಣ್ಣದ ವೆಚ್ಚವೆಂದು 1 ತಿಂಗಳ ಬಾಡಿಗೆಯಷ್ಟು ಕಡಿತ.

ಠೇವಣಿಯನ್ನು ಮಾತಿನಲ್ಲಿ ಎಲ್ಲರೂ ‘ಅಡ್ವಾನ್ಸ್’ ಎನ್ನುತ್ತಾರೆ. ಅದನ್ನೇ ‘ಮುಂಗಡ’ ಎಂದು ಬರೆದುಬಿಟ್ಟರೆ ಓದುವವರು ಇದು ಮುಂದಿನ ಬಾಡಿಗೆಗೆ ಸಲ್ಲುವ ಹಣ, ಕೊನೆಯ ತಿಂಗಳುಗಳಲ್ಲಿ ಬಾಡಿಗೆ ಕಟ್ಟದೆ ಮುರಿದುಕೊಳ್ಳಬಹುದು ಎಂದು ಭಾವಿಸುತ್ತಾರೆ. ಅನೇಕ ಕರಾರುಗಳು ಇದನ್ನು ಸ್ಪಷ್ಟವಾಗಿ ನಿಷೇಧಿಸುತ್ತವೆ, ಆದ್ದರಿಂದ ‘ಭದ್ರತಾ ಠೇವಣಿ’ ಎಂದು ಬರೆದು, ಜನರು ಅಡ್ವಾನ್ಸ್ ಎನ್ನುವುದು ಇದನ್ನೇ ಎಂದು ಒಮ್ಮೆ ಹೇಳಿದರೆ ಸಾಕು. ಇದಕ್ಕಿಂತ ಹೆಚ್ಚು ಗಮನ ಬೇಕಾದದ್ದು ಕಡಿತಗಳ ವಾಕ್ಯಕ್ಕೆ. ‘ಸಹಜ ಬಳಕೆಯಿಂದಾಗುವ ಸವೆತವನ್ನು ಬಿಟ್ಟು ಉಳಿದ ಹಾನಿಯ ವೆಚ್ಚವನ್ನು ಠೇವಣಿಯಲ್ಲಿ ಕಳೆಯಬಹುದು’ ಎಂಬುದು ಹಾನಿಯನ್ನು ನೋಡಿ ಮಾಡುವ ಕಡಿತ. ಕೊಳಾಯಿಯ ವಾಷರ್ ಸವೆದಿದ್ದರೆ ಅದು ಸವೆತ, ವಾಷ್ ಬೇಸಿನ್ ಒಡೆದಿದ್ದರೆ ಅದು ಹಾನಿ. ಬಣ್ಣದ ವೆಚ್ಚವಾದರೋ ಗೋಡೆ ಹೇಗೇ ಇರಲಿ, ನಿಗದಿಯಾದಷ್ಟು ಹೋಗಿಯೇ ಹೋಗುತ್ತದೆ. ಮೂಲದಲ್ಲಿ ಇವೆರಡೂ ಒಂದೇ ಉದ್ದನೆಯ ವಾಕ್ಯದಲ್ಲಿದ್ದರೂ ಕನ್ನಡದಲ್ಲಿ ಬಿಡಿಸಿ ಎರಡು ವಾಕ್ಯ ಮಾಡುವುದು ಒಳ್ಳೆಯದು. ಹಣ ಹಿಂದಿರುಗುವುದು ಕೀಲಿ ಒಪ್ಪಿಸುವ ಹೊತ್ತಿನಲ್ಲೋ ಅಥವಾ ಒಪ್ಪಿಸಿದ 30 ದಿನಗಳ ಒಳಗೋ ಎಂಬುದನ್ನೂ ಬಿಡದೆ ಬರೆಯಬೇಕು, ಏಕೆಂದರೆ ಮುಂದಿನ ಮನೆಯ ಠೇವಣಿಗೆ ಇದೇ ಹಣವನ್ನು ನೆಚ್ಚಿಕೊಂಡವರಿಗೆ ಆ ವ್ಯತ್ಯಾಸ ದೊಡ್ಡದು.

ಲಾಕ್-ಇನ್ ಅವಧಿಯನ್ನು ‘ಮನೆ ಬಿಡಲಾಗದ ಅವಧಿ’ ಎಂದು ಅನುವಾದಿಸುವುದು ಸರಿಯಲ್ಲ. ಬಿಟ್ಟು ಹೋಗುವವರನ್ನು ಯಾರೂ ಕಟ್ಟಿಹಾಕುವುದಿಲ್ಲ. ಸಾಮಾನ್ಯವಾಗಿ ಷರತ್ತು ಹೇಳುವುದು, ಅವಧಿ ಮುಗಿಯುವ ಮೊದಲು ಬಿಟ್ಟರೆ ಉಳಿದ ತಿಂಗಳುಗಳ ಬಾಡಿಗೆಯನ್ನು ಕೊಡಬೇಕಾಗುತ್ತದೆ ಎಂದು. ಲಾಕ್-ಇನ್ ಎಂಬ ಪದವನ್ನೇ ಉಳಿಸಿಕೊಂಡು ಅದರ ಪರಿಣಾಮವನ್ನು ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿದರೆ ಓದುವವರಿಗೆ ಲೆಕ್ಕ ತಾನಾಗಿ ಸಿಗುತ್ತದೆ. ನಮ್ಮ ಕರಾರಿನ ಬಾಡಿಗೆದಾರರು ಸೆಪ್ಟೆಂಬರ್ ಕೊನೆಗೆ ಮನೆ ಬಿಟ್ಟರೆಂದುಕೊಳ್ಳಿ. ಲಾಕ್-ಇನ್ ನವೆಂಬರ್ 30ರವರೆಗೆ ಇರುವುದರಿಂದ ಅಕ್ಟೋಬರ್ ಮತ್ತು ನವೆಂಬರ್ ಬಾಡಿಗೆ ಠೇವಣಿಯಲ್ಲಿ ಕಳೆದುಹೋಗುತ್ತದೆ. ಉಳಿದ 1 ತಿಂಗಳಷ್ಟು ಹಣ ಬಣ್ಣದ ವೆಚ್ಚಕ್ಕೆ ಹೋಗುತ್ತದೆ. ಕೈಗೆ ಏನೂ ಬರುವುದಿಲ್ಲ. ಠೇವಣಿ ಮತ್ತು ಲಾಕ್-ಇನ್ ಷರತ್ತುಗಳು ಕರಾರಿನ ಬೇರೆ ಬೇರೆ ಪುಟಗಳಲ್ಲಿ ಇರುವುದರಿಂದ ಅವೆರಡೂ ಸೇರಿದಾಗ ಏನಾಗುತ್ತದೆ ಎಂಬುದು ಬಾಡಿಗೆದಾರರಿಗೆ ಸುಲಭಕ್ಕೆ ಹೊಳೆಯುವುದಿಲ್ಲ. ಇಂಥ ಲೆಕ್ಕವನ್ನು ಅನುವಾದದ ಒಳಗೆ ಸೇರಿಸದೆ, ಅದರ ಕೊನೆಯಲ್ಲಿ ಉದಾಹರಣೆಯೆಂದು ಬೇರೆಯಾಗಿ ಕೊಡುವುದು ನನಗೆ ಸೂಕ್ತವೆನಿಸುತ್ತದೆ.

ಅತ್ಯಂತ ಅಪಾಯಕಾರಿ ಎಂದು ನಾನು ಭಾವಿಸುವ ವಾಕ್ಯ ಲಾಕ್-ಇನ್ ಮತ್ತು ನೋಟಿಸ್ ಕೂಡುವ ಜಾಗದಲ್ಲಿದೆ: ‘ಲಾಕ್-ಇನ್ ಅವಧಿ ಮುಗಿದ ಮೇಲೆ 2 ತಿಂಗಳ ನೋಟಿಸ್ ಕೊಟ್ಟು ಕರಾರನ್ನು ಕೊನೆಗೊಳಿಸಬಹುದು.’ ಮುಗಿದ ಮೇಲೆ ಆಗಬೇಕಾದದ್ದು ನೋಟಿಸ್ ಕೊಡುವುದೋ, ಕರಾರು ಕೊನೆಗೊಳ್ಳುವುದೋ? ಕರಾರು ಕೊನೆಗೊಳ್ಳುವುದು ಎಂದಾದರೆ ಸೆಪ್ಟೆಂಬರ್ ಕೊನೆಯೊಳಗೆ ನೋಟಿಸ್ ಕೊಟ್ಟು, ಲಾಕ್-ಇನ್ ತೀರುತ್ತಿದ್ದಂತೆಯೇ ಹೊರಡಬಹುದು. ನೋಟಿಸ್ ಕೊಡುವುದು ಎಂದಾದರೆ ಡಿಸೆಂಬರ್ 1ಕ್ಕೆ ನೋಟಿಸ್ ಕೊಟ್ಟು ಜನವರಿ ಕೊನೆಯವರೆಗೆ ಬಾಡಿಗೆ ಕಟ್ಟಬೇಕು. ಅಂದರೆ 6 ತಿಂಗಳೆಂದು ನಂಬಿದ ಬಂಧನ 8 ತಿಂಗಳಾಗುತ್ತದೆ. ಕನ್ನಡದಲ್ಲಿ ‘ಅವಧಿ ಮುಗಿದ ಮೇಲೆ ನೋಟಿಸ್ ನೀಡಿ’ ಎಂದು ಸರಾಗವಾಗಿ ಬರೆದಾಗ ಎರಡನೆಯ ಅರ್ಥವೇ ಬಲವಾಗಿ ಬರುತ್ತದೆ, ಮೂಲದ ತೂಗಾಟ ಕಾಣೆಯಾಗುತ್ತದೆ. ಇಲ್ಲಿ ಎರಡೂ ದಿನಾಂಕಗಳನ್ನು ಬರೆದು ಪ್ರಶ್ನೆ ಎತ್ತಲೇಬೇಕು.

ಕನ್ನಡದ ಇನ್ನೊಂದು ಸ್ವಭಾವವೂ ಇಲ್ಲಿ ಮೋಸಮಾಡುತ್ತದೆ. ನಮ್ಮಲ್ಲಿ ಕರ್ತೃವನ್ನು ಬಿಟ್ಟು ‘2 ತಿಂಗಳ ನೋಟಿಸ್ ನೀಡತಕ್ಕದ್ದು’ ಎಂದು ಬರೆದರೂ ವಾಕ್ಯ ನೆಟ್ಟಗಿರುತ್ತದೆ, ಆದರೆ ಯಾರು ನೀಡಬೇಕೆಂಬುದು ಕಾಣುವುದಿಲ್ಲ. ಲಾಕ್-ಇನ್ ಬಾಡಿಗೆದಾರರನ್ನು ಮಾತ್ರ ಕಟ್ಟುತ್ತದೆಯೋ, ಆ 6 ತಿಂಗಳಲ್ಲಿ ಮಾಲೀಕರೂ ಮನೆ ಬಿಡಿಸುವಂತಿಲ್ಲವೋ ಎಂಬುದು ಈ ಒಂದು ಪದದ ಮೇಲೆ ನಿಂತಿರುವುದರಿಂದ, ಪುನರುಕ್ತಿಯೆನಿಸಿದರೂ ಪ್ರತಿ ವಾಕ್ಯದಲ್ಲಿ ‘ಮಾಲೀಕರು’, ‘ಬಾಡಿಗೆದಾರರು’, ‘ಉಭಯ ಪಕ್ಷದವರು’ ಎಂದು ಹೆಸರಿಸಬೇಕು.

ತೆರವಿನ ಷರತ್ತುಗಳಲ್ಲಿ ಕರಾರು ರದ್ದಾಗುವುದು ಬೇರೆ, ಬಾಡಿಗೆದಾರರನ್ನು ಮನೆಯಿಂದ ತೆರವುಗೊಳಿಸುವುದು ಬೇರೆ. ‘ಸತತ 2 ತಿಂಗಳ ಬಾಡಿಗೆ ಬಾಕಿಯಾಗಿ, ಲಿಖಿತ ನೋಟಿಸ್ ತಲುಪಿದ 15 ದಿನಗಳೊಳಗೆ ಅದನ್ನು ಪಾವತಿಸದಿದ್ದಲ್ಲಿ, ಮಾಲೀಕರು ಕರಾರನ್ನು ರದ್ದುಪಡಿಸಿ ಮನೆಯ ಸ್ವಾಧೀನವನ್ನು ಕೇಳಲು ಹಕ್ಕುಳ್ಳವರಾಗಿರುತ್ತಾರೆ’ ಎಂಬ ವಾಕ್ಯದಲ್ಲಿ ‘ಸತತ’ ಎಂಬುದು ಬಿದ್ದುಹೋದರೆ ಜುಲೈ ಮತ್ತು ಅಕ್ಟೋಬರ್ ಬಾಕಿಯೂ ಕಾರಣವಾಗಿಬಿಡುತ್ತದೆ. 15 ದಿನಗಳು ನೋಟಿಸ್ ಕಳುಹಿಸಿದ ದಿನದಿಂದಲ್ಲ, ತಲುಪಿದ ದಿನದಿಂದ ಎಂಬುದೂ ಉಳಿಯಬೇಕು. ‘ಹಕ್ಕುಳ್ಳವರಾಗಿರುತ್ತಾರೆ’ ಎಂಬುದನ್ನು ‘ತೆರವುಗೊಳಿಸತಕ್ಕದ್ದು’ ಎಂದು ಮಾಡಿದರೆ ಮಾಲೀಕರ ಆಯ್ಕೆ ಕಡ್ಡಾಯವಾಗಿ ಮಾರ್ಪಡುತ್ತದೆ, 16ನೆಯ ದಿನ ಸಾಮಾನು ಹೊರಗೆ ಬೀಳುತ್ತದೆಂದು ಓದುವವರು ಹೆದರುತ್ತಾರೆ. ಒಪ್ಪದ ಬಾಡಿಗೆದಾರರನ್ನು ಹೊರಹಾಕಲು ಸಾಮಾನ್ಯವಾಗಿ ನ್ಯಾಯಾಲಯದ ಅಥವಾ ಸಂಬಂಧಪಟ್ಟ ಪ್ರಾಧಿಕಾರದ ಆದೇಶ ಬೇಕು, ಮತ್ತು ಆಯಾ ಸ್ಥಳದ ಬಾಡಿಗೆ ಕಾನೂನು ಕರಾರಿನ ಮಾತಿಗಿಂತ ಮೇಲಾಗಬಹುದು. ಈ ಮಾಹಿತಿ ಮೂಲ ಕರಾರಿನಲ್ಲಿ ಇಲ್ಲದಿರುವುದರಿಂದ ಅನುವಾದದ ಪಠ್ಯಕ್ಕೆ ಸೇರಬಾರದು. ‘ಅನುವಾದಕರ ಟಿಪ್ಪಣಿ’ ಎಂಬ ಗುರುತಿನಡಿ, ವಕೀಲರನ್ನು ಕೇಳಿ ಖಚಿತಪಡಿಸಿಕೊಳ್ಳುವಂತೆ ಬರೆದು, ಷರತ್ತಿನ ಸಂಖ್ಯೆಯನ್ನು ಅದರ ಮುಂದೆ ನಮೂದಿಸಬೇಕು.