ಹಿಟ್ಟು ತೊಳೆದಾಗ ಉಳಿಯುವ ಅಂಟು

ತುಮಕೂರು, ಕೋಲಾರದ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಲ್ಲಿ ಅದ್ದಿ ನುಂಗುತ್ತಾರೆ. ಅಗಿಯಲು ಅದರಲ್ಲಿ ಏನೂ ಇಲ್ಲ ಬಿಡಿ, ಬೆಂದ ಪಿಷ್ಟವೇ ಮುದ್ದೆಯನ್ನು ಹಿಡಿದಿಟ್ಟಿರುತ್ತದೆ. ರಾಗಿ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ನೀರೊಳಗೆ ಹಿಸುಕಿದರೆ ಎಲ್ಲಾ ಚದುರಿ ಹೋಗುತ್ತದೆ. ಮೈದಾ ಹಾಗಲ್ಲ. ತೊಳೆದಷ್ಟೂ ತೊಳೆದು ಕೊನೆಗೆ ರಬ್ಬರಿನಂಥ ಒಂದು ಗಂಟು ಕೈಯಲ್ಲಿ ಉಳಿಯುತ್ತದೆ. ಅದು ಗೋಧಿಯ ಪ್ರೋಟೀನ್, ಗ್ಲುಟೆನ್. ಅದನ್ನು ಬೇಯಿಸಿದರೆ ಸೇಟಾನ್. ಚೀನಾದಲ್ಲಿ ಮಾಂಸ ತಿನ್ನದವರಿಗೆ ಇದು ಬಹಳ ಹಳೆಯ ಅಡುಗೆ.

ಅರ್ಧ ಕೆಜಿ ಮೈದಾಕ್ಕೆ ಸುಮಾರು 300 ಮಿ.ಲೀ. ನೀರು ಹಾಕಿ, ಹತ್ತು ನಿಮಿಷ ಚೆನ್ನಾಗಿ ನಾದಿ. ಉಂಡೆ ಮುಳುಗುವಷ್ಟು ತಣ್ಣೀರು ಹಾಕಿ ಒಂದು ಗಂಟೆ ಬಿಡಿ. ಆಮೇಲೆ ಅದೇ ನೀರಲ್ಲಿ ಹಿಸುಕಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಪಿಷ್ಟ ತಣ್ಣೀರಲ್ಲಿ ಕರಗುವುದಿಲ್ಲ, ಅದರ ಸಣ್ಣ ಕಣಗಳು ಗ್ಲುಟೆನ್ ಎಳೆಗಳ ಜಾಲದಿಂದ ಜಾರಿ ಹೊರಬರುತ್ತವೆ, ಅಷ್ಟೆ. ಎರಡನೇ ನೀರಿನ ಹೊತ್ತಿಗೆ ಉಂಡೆ ಹರಿದು ಚೂರುಚೂರಾಗಬಹುದು. ಕೆಟ್ಟುಹೋಯಿತು ಅಂತ ಚೆಲ್ಲಿಬಿಡಬೇಡಿ! ಜರಡಿಯಲ್ಲಿ ಸೋಸಿ ಚೂರುಗಳನ್ನು ಒತ್ತಿದರೆ ಮತ್ತೆ ಅಂಟಿಕೊಳ್ಳುತ್ತವೆ. ನಾಲ್ಕೈದು ಸಲ ನೀರು ಬದಲಿಸಿದ ಮೇಲೆ ಹಿಂಡಿದರೆ ಬರುವ ನೀರು ಬರೀ ಮಬ್ಬಾಗಿರುತ್ತದೆ, ಆಗ ನಿಲ್ಲಿಸಿ. 125 ಗ್ರಾಂ ಆಸುಪಾಸು ಸಿಗುತ್ತದೆ, ಅದರಲ್ಲೂ ಮೂರರಲ್ಲಿ ಎರಡು ಪಾಲು ನೀರೇ. ಚಪಾತಿ ಹಿಟ್ಟಲ್ಲೂ ಆಗುತ್ತದೆ, ಆದರೆ ಹೊಟ್ಟಿನ ತರಿ ಜಾಲವನ್ನು ಅಲ್ಲಲ್ಲಿ ಕತ್ತರಿಸುತ್ತದೆ. ನನಗಂತೂ ಮೈದಾನೇ ವಾಸಿ.

ಈ ಗಂಟಿನಲ್ಲಿ ಮುಖ್ಯವಾಗಿ ಎರಡು ಬಗೆಯ ಪ್ರೋಟೀನ್ ಇರುತ್ತವೆ. ಗ್ಲುಟೆನಿನ್ ಉದ್ದನೆಯದು. ಅದರ ಎಳೆಗಳು ಗಂಧಕದ ಕೊಂಡಿಗಳಿಂದ ಒಂದಕ್ಕೊಂದು ಸೇರಿ ಜಾಲವಾಗುತ್ತವೆ. ಎಳೆದು ಬಿಟ್ಟರೆ ಹಿಂದಕ್ಕೆ ಬರುವುದು ಇದರ ಗುಣ. ಗ್ಲಿಯಾಡಿನ್ ಚಿಕ್ಕದು, ದುಂಡಗಿರುತ್ತದೆ. ಎಳೆಗಳ ನಡುವೆ ಇದ್ದು ಅವು ಜಾರಲು ಬಿಡುತ್ತದೆ. ಹೋಳಿಗೆಯ ಕಣಕವನ್ನು ನಾದಿದ ತಕ್ಷಣ ತಟ್ಟಿದರೆ ಕುಗ್ಗಿಕೊಳ್ಳುತ್ತದೆ, ನೆನೆದ ಮೇಲೆ ಹೇಳಿದ ಮಾತು ಕೇಳುತ್ತದೆ ಅಲ್ವಾ? ನೆನೆಯುವಾಗ ಬಿಗಿದ ಎಳೆಗಳು ಸಡಿಲವಾಗಿರುತ್ತವೆ.

ಚಪಾತಿಯಲ್ಲೂ ಈ ಜಾಲ ಇದೆ, ಆದರೆ ನಡುವೆ ಪಿಷ್ಟ ತುಂಬಿರುತ್ತದೆ. ಹಲ್ಲು ಬಿದ್ದ ಕಡೆ ಬೆಂದ ಪಿಷ್ಟ ಸುಲಭವಾಗಿ ಬಿಟ್ಟುಕೊಡುತ್ತದೆ. ಪಿಷ್ಟ ತೆಗೆದರೆ ಜಾಲಕ್ಕೆ ಜಾಲವೇ ಅಂಟಿಕೊಂಡಿರುತ್ತದೆ. ಹಲ್ಲು ಒತ್ತಿದಾಗ ಎಳೆಗಳು ಬಾಗುತ್ತವೆ, ಹಿಗ್ಗುತ್ತವೆ, ಬೇಗ ತುಂಡಾಗುವುದಿಲ್ಲ. ಹಾಗಾಗಿ ಜಾಸ್ತಿ ತೊಳೆದರೆ ಸೇಟಾನ್ ಚಪ್ಪಲಿ ಅಗಿದ ಹಾಗೆ! ಸ್ವಲ್ಪ ಪಿಷ್ಟ ಉಳಿಸಿದರೆ ಮೆತ್ತಗಿರುತ್ತದೆ.

ಬೇಯಿಸುವಾಗ ಹೊಸ ಗಂಧಕದ ಕೊಂಡಿಗಳು ಮೂಡಿ ಜಾಲ ಗಟ್ಟಿಯಾಗುತ್ತದೆ, ಮತ್ತೆ ಹಿಟ್ಟಿನಂತೆ ಎಳೆಯಲಾಗುವುದಿಲ್ಲ. ಉಪ್ಪು ಖಾರದ ನೀರಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಇಡಿ. ಕೊತಕೊತ ಕುದಿಸಿದರೆ ಒಳಗೆ ಆವಿ ತುಂಬಿ ಸ್ಪಂಜಿನಂತೆ ಉಬ್ಬುತ್ತದೆ. ಇದರಲ್ಲಿ ದೇಹಕ್ಕೆ ಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಹುರುಳಿ ಸಾರಿನ ಜೊತೆ ತಿಂದರೆ ಆ ಕೊರತೆ ತುಂಬುತ್ತದೆ. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಇರುವವರು ಮಾತ್ರ ಮುಟ್ಟಲೇಬಾರದು.

ತೊಳೆದ ನೀರನ್ನು ಒಂದೆರಡು ಗಂಟೆ ಹಾಗೇ ಬಿಡಿ. ಪಿಷ್ಟ ತಳಕ್ಕೆ ಕೂರುತ್ತದೆ. ಮೇಲಿನ ನೀರು ಬಗ್ಗಿಸಿ, ಬೆಲ್ಲ ಹಾಕಿ ಕೈಬಿಡದೆ ತಿರುವಿದರೆ ಹಾಲುಬಾಯಿ ಆಗುತ್ತದೆ.