ಮೀನಿನ ಕಸ ನಾತವಿಲ್ಲದೆ ಗೊಬ್ಬರವಾಗುವುದು ಹೇಗೆ?

ಬಲೆಯಿಂದ ಆಗಷ್ಟೇ ಬಿಡಿಸಿದ ಬಂಗುಡೆಗೆ ನಾವು 'ಮೀನಿನ ವಾಸನೆ' ಎನ್ನುವ ವಾಸನೆ ಇರುವುದೇ ಇಲ್ಲ. ಅದು ಬರುವುದು ಆಮೇಲೆ. ಸಮುದ್ರದ ಉಪ್ಪುನೀರಿನಲ್ಲಿ ಬದುಕಲು ಮೀನು ತನ್ನ ಮೈಯಲ್ಲಿ ಟ್ರೈಮೀಥೈಲ್‌ಅಮೈನ್ ಆಕ್ಸೈಡ್ ಎಂಬ ವಸ್ತುವನ್ನು ಇಟ್ಟುಕೊಂಡಿರುತ್ತದೆ. ಅದಕ್ಕೆ ವಾಸನೆ ಇಲ್ಲ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದರಲ್ಲಿರುವ ಆಮ್ಲಜನಕವನ್ನು ಕಿತ್ತುಕೊಳ್ಳುತ್ತವೆ. ಉಳಿಯುವ ಟ್ರೈಮೀಥೈಲ್‌ಅಮೈನ್ ಗಾಳಿಗೆ ಹಾರುತ್ತದೆ. ನಮ್ಮ ಮೂಗಿಗೆ ಇದರ ಲವಲೇಶವೂ ಸಾಕು. ಇದರ ಹಿಂದೆಯೇ ಅಮೋನಿಯಾ ಬರುತ್ತದೆ, ಗಾಳಿ ಇಲ್ಲದ ಕಡೆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಸೇರಿಕೊಳ್ಳುತ್ತದೆ.

ಟ್ರೈಮೀಥೈಲ್‌ಅಮೈನ್, ಅಮೋನಿಯಾ ಎರಡರಲ್ಲೂ ಇರುವುದು ಸಾರಜನಕ. ಅಂದರೆ ಮೂಗಿಗೆ ಬಡಿಯುವ ನಾತದಲ್ಲಿ ದೊಡ್ಡ ಪಾಲು ಹಾರಿಹೋಗುತ್ತಿರುವ ಗೊಬ್ಬರವೇ. ಕಸದಿಂದ ಸೋರಿ ಚರಂಡಿ ಸೇರುವ ನೀರಿನಲ್ಲೂ ಅದೇ ಇರುತ್ತದೆ. ಅದನ್ನು ಹಿಡಿದಿಟ್ಟರೆ ನಾತ ಮತ್ತು ನೀರಿನ ಮಾಲಿನ್ಯ ಎರಡೂ ಒಟ್ಟಿಗೆ ಹತೋಟಿಗೆ ಬರುತ್ತವೆ. ಹಿಡಿದಿಡುವುದು ಯಾವುದು? ಮರದ ಹೊಟ್ಟು, ತೆಂಗಿನ ನಾರಿನ ಪುಡಿ, ಅಡಿಕೆ ಸಿಪ್ಪೆ, ಒಣ ತರಗೆಲೆಯಂಥ ಇಂಗಾಲ ತುಂಬಿದ ಒಣ ಸಾಮಗ್ರಿ. ಸೂಕ್ಷ್ಮಜೀವಿಗಳಿಗೆ ಸಾಕಷ್ಟು ಇಂಗಾಲ ಸಿಕ್ಕರೆ ಅವು ಸಾರಜನಕವನ್ನು ತಮ್ಮ ಮೈ ಕಟ್ಟಲು ಬಳಸಿಕೊಳ್ಳುತ್ತವೆ. ಸಿಗದಿದ್ದರೆ ಜಾಸ್ತಿಯಾದ ಸಾರಜನಕವನ್ನು ಅಮೋನಿಯಾ ಮಾಡಿ ಬಿಟ್ಟುಬಿಡುತ್ತವೆ.

ಲೆಕ್ಕ ಹಾಕಿ ನೋಡೋಣ. ಕರಾವಳಿಯ ಒಂದು ಚಿಕ್ಕ ಮೀನು ಮಾರುಕಟ್ಟೆಯಲ್ಲಿ ದಿನಕ್ಕೆ 100 ಕೆಜಿ ತಲೆ, ಕರುಳು, ಕಿವಿರು, ಪೊರೆ ಬೀಳುತ್ತದೆ ಅಂದುಕೊಳ್ಳಿ. ಅದರಲ್ಲಿ ಸುಮಾರು 75 ಕೆಜಿ ಬರೀ ನೀರು. ಇಂಗಾಲ ಸುಮಾರು 11 ಕೆಜಿ, ಸಾರಜನಕ ಎರಡೂವರೆ ಕೆಜಿ. ಒಂದು ಪಾಲು ಸಾರಜನಕಕ್ಕೆ ನಾಲ್ಕೂವರೆ ಪಾಲು ಇಂಗಾಲ ಬಂತು. ಬೇಕಾದದ್ದು 20ರಿಂದ 30 ಪಾಲು. ಈಗ 100 ಕೆಜಿ ಒಣ ಮರದ ಹೊಟ್ಟು ಸೇರಿಸಿ, ಸುಮಾರು ಏಳೆಂಟು ಗೋಣಿಚೀಲ. ಅದರಿಂದ 42 ಕೆಜಿಯಷ್ಟು ಇಂಗಾಲ ಬರುತ್ತದೆ, ಸಾರಜನಕ ಹೆಚ್ಚುಕಡಿಮೆ ಏನೂ ಇಲ್ಲ. ಅನುಪಾತ 20ರ ಆಸುಪಾಸಿಗೆ ಏರಿತು.

ಇಲ್ಲೇ ಒಂದು ವಿಚಿತ್ರ. ಮೀನು ಅಷ್ಟು ಒದ್ದೆ ಇದ್ದರೂ ಈ ಮಿಶ್ರಣ ಒಣಗಿರುತ್ತದೆ. ತೇವ ಬರೀ 45 ಶೇಕಡಾ, ಬೇಕಾದದ್ದು 50ರಿಂದ 60. ಇನ್ನೂ 40 ಲೀಟರ್ ನೀರು ಕುಡಿಯುವಷ್ಟು ಜಾಗ ಅದರಲ್ಲಿದೆ. ನಲ್ಲಿ ನೀರು ಯಾಕೆ ಹಾಕಬೇಕು? ಮೀನು ಕೊಯ್ದ ಹಲಗೆಯನ್ನು ಮೊದಲ ಸಲ ತೊಳೆದ, ರಕ್ತ ಬೆರೆತ ನೀರನ್ನೇ ಹಾಕಬಹುದು. ಚರಂಡಿಯನ್ನು ಕೆಡಿಸುವುದೂ ಮುಖ್ಯವಾಗಿ ಅದೇ ನೀರು. ಕಸಾಯಿಖಾನೆಯ ರಕ್ತವನ್ನು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ಲೀಟರ್ ರಕ್ತವನ್ನು ಕರಗಿಸಲು ನೀರಿನ ಸೂಕ್ಷ್ಮಜೀವಿಗಳಿಗೆ ಸುಮಾರು ಒಂದೂವರೆ ಲಕ್ಷ ಮಿಲಿಗ್ರಾಂ ಆಮ್ಲಜನಕ ಬೇಕು. ಮನೆಗಳ ಕೊಳಚೆ ನೀರಿಗೆ ಲೀಟರಿಗೆ 200ರಿಂದ 300 ಮಿಲಿಗ್ರಾಂ ಸಾಕು. ಒಂದು ಲೀಟರ್ ರಕ್ತ ಹಳ್ಳಕ್ಕೆ ಹೋದರೆ ಕನಿಷ್ಠ 500 ಲೀಟರ್ ಕೊಳಚೆ ಹೋದಷ್ಟು ಕೆಡುಕು. ಎರಡನೇ, ಮೂರನೇ ತೊಳೆತದ ನೀರು ತೆಳು. ಅದನ್ನು ಜರಡಿ ಹಿಡಿದು, ಕೊಬ್ಬು ತೇಲಿಸಿ ತೆಗೆದು, ಶುದ್ಧೀಕರಣಕ್ಕೆ ಕಳಿಸಬೇಕು.

ಇನ್ನು ರಾಶಿ ಕಟ್ಟುವುದು. ಗಟ್ಟಿ ನೆಲ, ಮೇಲೆ ಸೂರು ಬೇಕು. ಮಳೆಗಾಲದಲ್ಲಿ ಸೂರಿಲ್ಲದ ರಾಶಿ ಒಂದೇ ವಾರದಲ್ಲಿ ಗಬ್ಬೆದ್ದು ಹೋಗುತ್ತದೆ. ಜೂನ್, ಜುಲೈನಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಜೋರು ಮಳೆಯ ಹೊತ್ತಿಗೆ ಕಸವೂ ಕಡಿಮೆ, ಅದೊಂದು ಪುಣ್ಯ. ತಳದಲ್ಲಿ ಒಂದು ಅಡಿ ಅಡಿಕೆ ಸಿಪ್ಪೆ ಅಥವಾ ಕೊಚ್ಚಿದ ಕೊಂಬೆ ಹಾಸಬೇಕು. ಅದು ಸೋರುವ ನೀರನ್ನು ಹೀರುತ್ತದೆ, ಕೆಳಗಿನಿಂದ ಗಾಳಿಗೂ ದಾರಿ ಬಿಡುತ್ತದೆ. ಅದರ ಮೇಲೆ ಮೀನು ಮತ್ತು ಹೊಟ್ಟಿನ ಮಿಶ್ರಣ. ಬರೀ ನುಣುಪು ಹೊಟ್ಟು ಹಾಕಿದರೆ ಒದ್ದೆಯಾಗಿ ಮೆತ್ತಿಕೊಂಡು ಗಾಳಿ ಕಟ್ಟುತ್ತದೆ, ಹಾಗಾಗಿ ಕಾಲು ಭಾಗವಾದರೂ ಒರಟು ಸಾಮಗ್ರಿ ಇರಲಿ. ಮಿಶ್ರಣ ಅಂಚಿನಿಂದ ಒಂದು ಅಡಿ ಒಳಗೇ ಇರಬೇಕು. ಕೊನೆಗೆ ಮೇಲೂ ಸುತ್ತಲೂ ಒಂದು ಅಡಿ ದಪ್ಪ ಹೊದಿಕೆ: ತೇವ ಮಾಡಿದ ಹೊಟ್ಟು, ಅಥವಾ ಇನ್ನೂ ಒಳ್ಳೆಯದೆಂದರೆ ಹಳೆಯ ಗೊಬ್ಬರ.

ಈ ಹೊದಿಕೆಯೇ ಇಡೀ ಕೆಲಸದ ಜೀವ. ಅದು ಸುಮ್ನೆ ಮುಚ್ಚಳ ಅಲ್ಲ. ಒಳಗಿನಿಂದ ಏಳುವ ಅಮೋನಿಯಾ, ಟ್ರೈಮೀಥೈಲ್‌ಅಮೈನ್ ಅದರ ತೇವದಲ್ಲಿ ಕರಗುತ್ತವೆ, ಅಲ್ಲಿರುವ ಬ್ಯಾಕ್ಟೀರಿಯಾಗಳು ಅವನ್ನು ತಿಂದು ಮುಗಿಸುತ್ತವೆ. ಒಣಗಿ ಬಿರುಕು ಬಿಟ್ಟರೆ ಆ ಬಿರುಕಿನಲ್ಲೇ ವಾಸನೆ ಹೊರಬರುತ್ತದೆ. ಹಾಗಾಗಿ ದಿನಾ ರಾಶಿಯ ಸುತ್ತ ಒಮ್ಮೆ ನಡೆದು ಮೂಗಿನಿಂದ ಪರೀಕ್ಷೆ ಮಾಡಬೇಕು. ಕಣ್ಣು ಉರಿಸುವ ಅಮೋನಿಯಾ ಬಂದರೆ ಹೊಟ್ಟು ಸಾಲದು. ಕೊಳೆತ ಮೊಟ್ಟೆ ನಾತ ಬಂದರೆ ನೀರು ಜಾಸ್ತಿಯಾಗಿ ಗಾಳಿ ಕಟ್ಟಿದೆ, ಒರಟು ಸಾಮಗ್ರಿ ಬೆರೆಸಿ ಮತ್ತೆ ಕಟ್ಟಬೇಕು. ಮೀನಿನದೇ ವಾಸನೆ ಬಂದರೆ ಹೊದಿಕೆ ಎಲ್ಲೋ ತೆಳುವಾಗಿದೆ, ಅಥವಾ ನಾಯಿ ಕೆದಕಿದೆ.

ನೊಣದ ಕಥೆ ಶುರುವಾಗುವುದು ರಾಶಿಯಲ್ಲಲ್ಲ, ಅಂಗಡಿಯ ಬಕೆಟಿನಲ್ಲಿ. ತೆರೆದಿಟ್ಟ ಕರುಳಿನ ಮೇಲೆ ನೊಣ ಮೊಟ್ಟೆ ಇಡಲು ಕೆಲವು ನಿಮಿಷ ಸಾಕು, ನಮ್ಮ ಸೆಕೆಗೆ ಒಂದು ದಿನದೊಳಗೆ ಹುಳು ಬರುತ್ತದೆ. ಅದಕ್ಕೇ ಬಕೆಟಿನ ತಳದಲ್ಲೂ, ಪ್ರತಿ ಸಲ ಕಸ ಹಾಕಿದ ಮೇಲೂ ಹಿಡಿ ಹೊಟ್ಟು ಚೆಲ್ಲಿ ಮುಚ್ಚಳ ಹಾಕಬೇಕು. ಆದರೂ ಒಂದಿಷ್ಟು ಮೊಟ್ಟೆ ರಾಶಿಗೆ ಬಂದೇ ಬರುತ್ತವೆ. ನಡುವೆ ಇರುವವು ರಾಶಿ ಕೊಳೆಯುವಾಗ ಏಳುವ ಬಿಸಿಗೆ ಸಾಯುತ್ತವೆ. ಆದರೆ ಹುಳು ಪೆದ್ದಲ್ಲ, ಬಿಸಿ ಏರಿದಂತೆ ತಂಪಾದ ಅಂಚಿಗೆ ಹರಿದು ಬರುತ್ತದೆ. ಮೀನನ್ನು ಅಂಚಿನಿಂದ ಒಂದು ಅಡಿ ಒಳಗಿಡುವುದು ಇದಕ್ಕೂ ಹೌದು. ಹೊರಮೈಯಲ್ಲಿ ಹುಳು ಕಂಡರೆ ಅಲ್ಲಿನ ಸಾಮಗ್ರಿಯನ್ನು ತೆಗೆದು ರಾಶಿಯ ನಡುವಿಗೆ ಹೂಳಿ.

ಬಿಸಿ ಏರಿದಷ್ಟೂ ಒಳ್ಳೆಯದು ಅಂತಲ್ಲ. ರೋಗಾಣು ಸಾಯಲು 55 ಡಿಗ್ರಿ ಸೆಲ್ಸಿಯಸ್ ಕನಿಷ್ಠ ಮೂರು ದಿನ ನಿಲ್ಲಬೇಕು, 70 ದಾಟಿದರೆ ಕೆಲಸ ಮಾಡುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಉದ್ದ ಕಡ್ಡಿಯ ಥರ್ಮಾಮೀಟರ್ ಇಲ್ಲದಿದ್ದರೆ ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆಯಿರಿ. ತುದಿ ಹಿಡಿದುಕೊಳ್ಳಲು ಆಗದಷ್ಟು ಸುಟ್ಟರೆ ರಾಶಿ ಚೆನ್ನಾಗಿ ಕಾದಿದೆ ಅಂತ ಅಂದಾಜು. ರಾಶಿ ಎಲ್ಲಾ ಕಡೆ ಒಂದು ಮೀಟರಿಗಿಂತ ಚಿಕ್ಕದಾದರೆ ಬಿಸಿ ನಿಲ್ಲುವುದಿಲ್ಲ. ಮೂರು ನಾಲ್ಕು ವಾರ ಮುಟ್ಟಬಾರದು. ದಿನಾ ಮಗುಚುವ ಉತ್ಸಾಹಿಗಳೇ ಊರಿಗೆಲ್ಲ ನಾತ ಹಬ್ಬಿಸುವುದು. ಆಮೇಲೆ ಒಮ್ಮೆ ಮಗುಚಿ, ಮತ್ತೆ ಹೊದಿಸಿ. ಮೂರು ನಾಲ್ಕು ತಿಂಗಳಿಗೆ ಮೆತ್ತನೆಯ ಭಾಗವೆಲ್ಲ ಕರಗಿ, ಸಣ್ಣ ಮುಳ್ಳುಗಳು ಬೆರಳಲ್ಲಿ ಪುಡಿಯಾಗುತ್ತವೆ. ದೊಡ್ಡ ತಲೆಮೂಳೆ ಉಳಿದರೆ ಜರಡಿ ಹಿಡಿದು ಮುಂದಿನ ರಾಶಿಗೆ ಹಾಕಬಹುದು. ಒಣಮೀನಿನ ಉಪ್ಪುನೀರನ್ನು ಮಾತ್ರ ಸೇರಿಸಬೇಡಿ, ಉಪ್ಪು ಕೊಳೆತು ಹೋಗುವಂಥದ್ದಲ್ಲ, ಗೊಬ್ಬರದಲ್ಲೇ ಉಳಿಯುತ್ತದೆ.

ಈ ವಿಧಾನಕ್ಕೆ ಮಿತಿ ಹಾಕುವುದು ಹೊಟ್ಟು. ದಿನಕ್ಕೆ ಒಂದು ಟನ್ ಕಸಕ್ಕೆ ಒಂದು ಟನ್ ಹೊಟ್ಟು ಎಲ್ಲಿಂದ ತರುವುದು, ಅಲ್ವಾ? ಅಷ್ಟು ದೊಡ್ಡ ಕಸಕ್ಕೆ, ಅದರಲ್ಲೂ ಕಸಾಯಿಖಾನೆ ಮತ್ತು ಕೋಳಿ ಅಂಗಡಿಗಳ ಕಸಕ್ಕೆ, ರೆಂಡರಿಂಗ್ ಸರಿ. ಮುಚ್ಚಿದ ದೊಡ್ಡ ಕುಕ್ಕರಿನಲ್ಲಿ ಹಬೆಯ ಶಾಖದಿಂದ ಬೇಯಿಸಿ ನೀರನ್ನು ಆರಿಸುತ್ತಾರೆ, ಕರಗಿದ ಕೊಬ್ಬನ್ನು ಹಿಂಡಿ ತೆಗೆಯುತ್ತಾರೆ, ಉಳಿದದ್ದನ್ನು ಪುಡಿ ಮಾಡುತ್ತಾರೆ. ಸುತ್ತಮುತ್ತಲಿನವರು ಬೈಯುವ ನಾತ ಬರುವುದು ಕುಕ್ಕರಿನಿಂದ ಏಳುವ ಆವಿಯಲ್ಲಿ. ಅದನ್ನು ತಣಿಸಿದರೆ ಬಹುಪಾಲು ನೀರಾಗಿ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ತಣಿಯದೆ ಉಳಿದ ಅನಿಲವನ್ನು ಬಾಯ್ಲರಿನ ಬೆಂಕಿಯಲ್ಲಿ ಸುಡುತ್ತಾರೆ, ಇಲ್ಲವೇ ತೇವವಾದ ಮರದ ಚೂರಿನ ದಪ್ಪ ಹಾಸಿನೊಳಗೆ ಹಾಯಿಸುತ್ತಾರೆ. ಕೆಲಸ ಮಾಡುವುದು ನಮ್ಮ ಹೊದಿಕೆಯಲ್ಲಿದ್ದಂಥ ಬ್ಯಾಕ್ಟೀರಿಯಾಗಳೇ. ಅನಿಲ 40 ಡಿಗ್ರಿಗಿಂತ ಬಿಸಿಯಾಗಿ ಬಂದರೆ, ಅಥವಾ ಹಾಸು ಒಣಗಿದರೆ ಅವು ಸೋಲುತ್ತವೆ. ಎರಡು ದಿನ ಲಾರಿಯಲ್ಲೇ ಕೊಳೆತ ಕಸ ಬಂದರಂತೂ ಯಾವ ಹಾಸೂ ಸಾಲುವುದಿಲ್ಲ. ಆದ್ದರಿಂದ ಇಂಥ ಘಟಕವನ್ನು ನೋಡಲು ಹೋದರೆ ನಾನು ಮೊದಲು ಕೇಳುವುದು ಯಂತ್ರದ ಬೆಲೆಯನ್ನಲ್ಲ, ಪ್ರಾಣಿ ಕಡಿದ ಎಷ್ಟು ಗಂಟೆಯೊಳಗೆ ಕಸ ಕುಕ್ಕರ್ ಸೇರುತ್ತದೆ ಎಂಬುದನ್ನು.